ಪಂಪಿನ ಹಿಡಿಕೆ ಮತ್ತು ನಾಲ್ಕು ಆಯ್ಕೆಗಳು

ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್, ಮ್ಯಾನೇಜ್‌ಮೆಂಟ್ ಕೋರ್ಸುಗಳ ಜಿಮ್ಯಾಟ್, ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆ, ಇವುಗಳಿಗೆ ಓದುವವರೆಲ್ಲ ಒಂದು ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುತ್ತಾರೆ. ಏಳೆಂಟು ಸಾಲಿನ ಒಂದು ವಾದ ಕೊಟ್ಟಿರುತ್ತಾರೆ. ಕೆಳಗೆ ನಾಲ್ಕೈದು ಆಯ್ಕೆ. ‘ಇವುಗಳಲ್ಲಿ ಯಾವುದು ನಿಜವಾದರೆ ಮೇಲಿನ ವಾದಕ್ಕೆ ಹೆಚ್ಚು ಬಲ ಬರುತ್ತದೆ?’ ಎಂದೋ, ‘ಯಾವುದು ನಿಜವಾದರೆ ವಾದ ಹೆಚ್ಚು ದುರ್ಬಲವಾಗುತ್ತದೆ?’ ಎಂದೋ ಕೇಳಿರುತ್ತಾರೆ. ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ‘ಸ್ಟ್ರೆಂಥನ್–ವೀಕನ್ ಪ್ರಶ್ನೆ’ ಎಂದೇ ಹೆಸರು. ಕ್ಲ್ಯಾಟ್ 2020ರಿಂದ ಗದ್ಯಭಾಗ ಓದಿ ಉತ್ತರಿಸುವ ಪರೀಕ್ಷೆಯಾದ ಮೇಲೆ ಅದರ ತರ್ಕ ವಿಭಾಗದಲ್ಲಿ ಇಂಥ ಪ್ರಶ್ನೆಗಳಿಗೆ ದೊಡ್ಡ ಜಾಗ ಸಿಕ್ಕಿದೆ.

ಗಣಿತದ ಲೆಕ್ಕದಂತೆ ಇದಕ್ಕೆ ಸೂತ್ರವಿಲ್ಲ. ಸಾಮಾನ್ಯ ಜ್ಞಾನವೂ ಬೇಕಿಲ್ಲ. ಆದರೂ ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ತಪ್ಪುತ್ತಾರೆ. ಯಾವ ಆಯ್ಕೆ ನಿಜ, ಯಾವುದು ತನಗೆ ಒಪ್ಪಿಗೆ, ಯಾವುದು ವಿಷಯಕ್ಕೆ ಹತ್ತಿರ ಎಂದು ಅವರು ನೋಡುತ್ತಾರೆ. ಪ್ರಶ್ನೆ ಕೇಳುತ್ತಿರುವುದು ಇದಾವುದನ್ನೂ ಅಲ್ಲ. ‘ನಿಜವಾದರೆ’ ಎಂಬ ಮಾತಿನಲ್ಲೇ ಎಲ್ಲ ಆಯ್ಕೆಗಳೂ ನಿಜವೆಂದು ಒಪ್ಪಿಕೊಂಡಾಗಿದೆ. ಉಳಿದ ಕೆಲಸ ಒಂದೇ: ಈ ಸಂಗತಿ ಗೊತ್ತಾದ ಮೇಲೆ ಆ ತೀರ್ಮಾನವನ್ನು ನಂಬಲು ಇರುವ ಕಾರಣ ಹೆಚ್ಚಿತೇ, ಕಡಿಮೆಯಾಯಿತೇ, ಇದ್ದಲ್ಲೇ ಇದೆಯೇ ಎಂದು ಹೇಳುವುದು.

ಇದನ್ನು ಹೇಗೆ ಅಳೆಯಬೇಕು ಎಂಬುದನ್ನು ಲಂಡನ್ನಿನ ಒಂದು ಹಳೆಯ ಪ್ರಕರಣದಲ್ಲಿಟ್ಟು ನೋಡಬಹುದು. ಅಲ್ಲಿ ಒಬ್ಬ ವೈದ್ಯ ಒಂದು ತೀರ್ಮಾನ ಮಂಡಿಸಿದ. ನಗರದ ಹೆಚ್ಚಿನ ತಜ್ಞರು ಅದನ್ನು ಒಪ್ಪಲಿಲ್ಲ. ಒಂದೊಂದಾಗಿ ಬಂದ ಸಂಗತಿಗಳಲ್ಲಿ ಕೆಲವು ವಾದವನ್ನು ಎತ್ತಿದವು, ಕೆಲವು ಅಲುಗಿಸಿದವು, ಕೆಲವು ಏನನ್ನೂ ಮಾಡಲಿಲ್ಲ.

ಬ್ರಾಡ್ ಸ್ಟ್ರೀಟಿನ ಪಂಪು

1854ರ ಆಗಸ್ಟ್ 31ರ ರಾತ್ರಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಸ್ಫೋಟಿಸಿತು. ಬ್ರಾಡ್ ಸ್ಟ್ರೀಟ್ ಎಂಬ ರಸ್ತೆಯ ಒಂದು ಮೂಲೆಯಿಂದ ಸುಮಾರು 230 ಮೀಟರ್ ದೂರದೊಳಗೆ ಹತ್ತು ದಿನಗಳೊಳಗೆ 500ಕ್ಕೂ ಹೆಚ್ಚು ಜನ ಸತ್ತರು. ಕಾಲರಾಕ್ಕೆ ಕಾರಣ ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿ ಎಂಬುದು ಆಗ ಹೆಚ್ಚಿನ ವೈದ್ಯರೂ ಅಧಿಕಾರಿಗಳೂ ನಂಬಿದ್ದ ಮಾತು. ಅಲ್ಲಿಗೆ ಹತ್ತಿರದಲ್ಲೇ ವಾಸವಾಗಿದ್ದ ಡಾ. ಜಾನ್ ಸ್ನೋ ಮಾತ್ರ ಅದು ಕುಡಿಯುವ ನೀರಿನಿಂದ ಬರುತ್ತದೆ ಎಂದು ವರ್ಷಗಳಿಂದ ವಾದಿಸುತ್ತಿದ್ದ.

ಸ್ನೋ ಸಾವುಗಳ ನೋಂದಣಿ ಕಚೇರಿಗೆ ಹೋಗಿ ಆ ಭಾಗದ ಮೊದಲ 83 ಸಾವುಗಳ ಪಟ್ಟಿ ತಂದ. ಮನೆಗಳನ್ನು ಗುರುತಿಸುತ್ತ ಹೋದಾಗ ಒಂದು ಸಂಗತಿ ಎದ್ದು ಕಂಡಿತು. ಬೇರೆ ಬೀದಿ ಪಂಪು ಸ್ಪಷ್ಟವಾಗಿ ಹತ್ತಿರವಿದ್ದ ಮನೆಗಳಲ್ಲಿ ಆದ ಸಾವು ಹತ್ತು ಮಾತ್ರ. ಉಳಿದ 73 ಸಾವುಗಳು ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಪಂಪಿನ ಆಸುಪಾಸಿನವು.

ಈಗ ಅವನ ವಾದವನ್ನು ಪರೀಕ್ಷೆಯ ಗದ್ಯಭಾಗದಂತೆ ಬರೆಯೋಣ. ಆಧಾರ: ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಗುಂಪುಗೂಡಿವೆ. ತೀರ್ಮಾನ: ಆ ಪಂಪಿನ ನೀರಿನಿಂದ ಕಾಲರಾ ಹರಡಿತು.

ಇವೆರಡರ ನಡುವೆ ಒಂದು ಬಿರುಕಿದೆ. ಆ ಬೀದಿಯ ಗಾಳಿಯೇ ಕೆಟ್ಟಿದ್ದರೂ ಸಾವುಗಳು ಅಲ್ಲೇ ಗುಂಪುಗೂಡುತ್ತಿದ್ದವು. ಅಂದರೆ ಒಂದೇ ಆಧಾರವನ್ನು ಎರಡು ಕಾರಣಗಳು ಸಮಸಮವಾಗಿ ವಿವರಿಸುತ್ತವೆ. ಬಲ ಕೊಡುವ ಮತ್ತು ಬಲ ಕುಗ್ಗಿಸುವ ಪ್ರಶ್ನೆಗಳ ಆಟವೆಲ್ಲ ನಡೆಯುವುದು ಈ ಬಿರುಕಿನಲ್ಲೇ. ಪ್ರತಿಸ್ಪರ್ಧಿ ಕಾರಣವನ್ನು ಹೊರಗೆ ಹಾಕುವ ಸಂಗತಿ ವಾದಕ್ಕೆ ಬಲ ಕೊಡುತ್ತದೆ. ಅದಕ್ಕೆ ಜೀವ ತುಂಬುವ ಸಂಗತಿ ವಾದವನ್ನು ಕುಗ್ಗಿಸುತ್ತದೆ. ಎರಡೂ ಕಾರಣಗಳಿಗೆ ಒಂದೇ ಸಮನಾಗಿ ಹೊಂದುವ ಸಂಗತಿಯಿಂದ ಏನೂ ಆಗುವುದಿಲ್ಲ.

ಒಂದು ಸಾವು, 61 ಸಾವು

ಸ್ನೋನ ತೀರ್ಮಾನಕ್ಕೆ ಅತಿ ಹೆಚ್ಚು ಬಲ ಕೊಡುವುದು ಯಾವುದು ಎಂದು ಕೇಳಿ ಈ ನಾಲ್ಕು ಆಯ್ಕೆಗಳನ್ನು ಕೊಟ್ಟರೆನ್ನಿ. ಹೊರಗಿನ ಮಾತಲ್ಲ, ನಾಲ್ಕೂ ಆ ಪ್ರಕರಣದ ಸಂಗತಿಗಳೇ.

ಅ) ಪಂಪಿನ ಆಸುಪಾಸಿನ 73 ಸಾವುಗಳಲ್ಲಿ 61 ಮಂದಿ ಆ ಪಂಪಿನ ನೀರನ್ನು ಸದಾ ಇಲ್ಲವೇ ಆಗಾಗ ಕುಡಿಯುತ್ತಿದ್ದರೆಂದು ಮನೆಯವರು ಹೇಳಿದರು.

ಆ) ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ತಿಂಗಳುಗಟ್ಟಲೆ ಬ್ರಾಡ್ ಸ್ಟ್ರೀಟಿನ ಕಡೆ ಬಂದೇ ಇರಲಿಲ್ಲ. ಆ ನೀರಿನ ರುಚಿ ಇಷ್ಟವೆಂದು ದಿನವೂ ಗಾಡಿಯಲ್ಲಿ ಬಾಟಲಿ ತರಿಸಿಕೊಳ್ಳುತ್ತಿದ್ದಳು. ಆಗಸ್ಟ್ 31ರಂದು ತುಂಬಿದ ನೀರು ಕುಡಿದು ಎರಡು ದಿನಗಳಲ್ಲಿ ಕಾಲರಾದಿಂದ ಸತ್ತಳು. ಅವಳಿದ್ದ ಊರಲ್ಲಿ ಆಗ ಕಾಲರಾ ಇರಲಿಲ್ಲ.

ಇ) 1849ರಲ್ಲೂ ಲಂಡನ್ನಿನಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು.

ಈ) ಸತ್ತವರಲ್ಲಿ ಹೆಚ್ಚಿನವರ ಮನೆ ಬ್ರಾಡ್ ಸ್ಟ್ರೀಟ್ ಮತ್ತು ಅದರ ಅಡ್ಡರಸ್ತೆಗಳಲ್ಲಿತ್ತು.

ಅವಸರದಲ್ಲಿ ಓದುವವರ ಕೈ ‘ಅ’ ಕಡೆ ಹೋಗುತ್ತದೆ. 73ರಲ್ಲಿ 61 ದೊಡ್ಡ ಸಂಖ್ಯೆ, ನೀರಿನ ಮಾತೂ ಅದರಲ್ಲಿದೆ. ಆದರೆ ಪಂಪಿನ ಪಕ್ಕದಲ್ಲಿದ್ದವರು ಆ ಪಂಪಿನ ನೀರನ್ನೇ ಕುಡಿಯುವುದು ಸಹಜವಲ್ಲವೇ? ಬದುಕಿ ಉಳಿದ ನೆರೆಯವರಲ್ಲೂ ನೂರಕ್ಕೆ ಎಂಬತ್ತು ಮಂದಿ ಅದೇ ನೀರು ಕುಡಿಯುತ್ತಿದ್ದರೆ 61ರ ಲೆಕ್ಕ ನೀರಿನ ಮೇಲೆ ಯಾವ ಬೆರಳನ್ನೂ ತೋರಿಸುವುದಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪಿನ ಲೆಕ್ಕ ಇಲ್ಲದಾಗ ದೊಡ್ಡ ಪಾಲು ಕೂಡ ಸ್ವಲ್ಪವೇ ಬಲ ಕೊಡುತ್ತದೆ. ಬಲ ಕೊಡುವುದಿಲ್ಲವೆಂದಲ್ಲ. 73ರಲ್ಲಿ ಆರೇ ಮಂದಿ ಆ ನೀರು ಕುಡಿದಿದ್ದರೆ ಸ್ನೋನ ವಾದ ಅಲ್ಲೇ ಮುಗಿಯುತ್ತಿತ್ತು. ಆದರೆ ಗಾಳಿಯ ವಾದ ಈ ಆಯ್ಕೆಯಿಂದ ಕದಲುವುದಿಲ್ಲ.

‘ಆ’ ಒಬ್ಬಳೇ ವಿಧವೆಯ ಕತೆ. ಆದರೂ ಉತ್ತರ ಅದೇ. ಸೋಹೋದಲ್ಲಿ ಗಾಳಿ ಮತ್ತು ನೀರು ಬೆರೆತುಹೋಗಿದ್ದವು. ಅಲ್ಲಿದ್ದವರು ಆ ಗಾಳಿಯನ್ನೂ ಉಸಿರಾಡಿದ್ದರು, ಆ ನೀರನ್ನೂ ಕುಡಿದಿದ್ದರು. ಈ ವಿಧವೆಗೆ ತಲುಪಿದ್ದು ನೀರು ಮಾತ್ರ. ಅವಳನ್ನು ನೋಡಲು ಬಂದಿದ್ದ ಸೋದರ ಸಂಬಂಧದ ಹುಡುಗಿಯೂ ಅದೇ ನೀರು ಕುಡಿದು, ಇಸ್ಲಿಂಗ್ಟನ್ನಿನ ತನ್ನ ಮನೆಗೆ ಹಿಂದಿರುಗಿ, ಕಾಲರಾದಿಂದ ಸತ್ತಳು. ಅವಳ ಮನೆಯ ಸುತ್ತಲೂ ಆಗ ಕಾಲರಾ ಇರಲಿಲ್ಲ. ಗಾಳಿಯ ಕಾರಣವನ್ನು ಹಿಡಿದವರು ಈ ಎರಡು ಸಾವುಗಳಿಗೆ ಕಾಕತಾಳೀಯ ಎನ್ನುವುದರ ಹೊರತು ಬೇರೇನನ್ನೂ ಹೇಳುವುದು ಕಷ್ಟ. ಬಲವನ್ನು ತೂಗಬೇಕಾದದ್ದು ತಲೆಯೆಣಿಕೆಯಿಂದಲ್ಲ, ಎರಡು ಕಾರಣಗಳನ್ನು ಆ ಸಂಗತಿ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎನ್ನುವುದರಿಂದ.

‘ಇ’ ನಿಜ, ವಿಷಯವೂ ಕಾಲರಾ. ಆದರೆ ಆ ಹಳೆಯ ಸಾವುಗಳು ನೀರಿನಿಂದಲೋ ಗಾಳಿಯಿಂದಲೋ ಎಂದು ಅದು ಹೇಳುವುದಿಲ್ಲ. ವಿಷಯಕ್ಕೆ ಹತ್ತಿರವಿದ್ದು ತೀರ್ಮಾನಕ್ಕೆ ದೂರವಿರುವ ಇಂಥ ಆಯ್ಕೆ ಪ್ರತಿ ಪ್ರಶ್ನೆಯಲ್ಲೂ ಒಂದಾದರೂ ಇರುತ್ತದೆ. ‘ಈ’ ಆಗಲೇ ಕೊಟ್ಟಿದ್ದ ಆಧಾರವನ್ನು ಬೇರೆ ಮಾತುಗಳಲ್ಲಿ ಮತ್ತೆ ಹೇಳುತ್ತದೆ. ಒಮ್ಮೆ ಲೆಕ್ಕಕ್ಕೆ ಬಂದದ್ದನ್ನು ಎರಡನೇ ಸಲ ಸೇರಿಸಿದರೆ ಬಲ ಇಮ್ಮಡಿಯಾಗುವುದಿಲ್ಲ.

ಸಾಯದವರ ಸಾಕ್ಷ್ಯ

ವಿಧವೆಯದು ಗಾಳಿಯಿಲ್ಲದೆ ನೀರು ಮಾತ್ರ ತಲುಪಿದ ಪ್ರಕರಣ. ಅದರ ಮಗ್ಗುಲು ಬದಲಿಸಿದರೆ, ಗಾಳಿ ಇದ್ದು ಆ ನೀರು ಇಲ್ಲದ ಕಡೆ ಏನಾಯಿತು ಎಂದು ಕೇಳಬೇಕಾಗುತ್ತದೆ. ಸ್ನೋ ಅದನ್ನೂ ಹುಡುಕಿದ.

ಬ್ರಾಡ್ ಸ್ಟ್ರೀಟಿನಲ್ಲೇ, ಪಂಪಿನ ಹತ್ತಿರ ಒಂದು ಬಿಯರ್ ತಯಾರಿಕಾ ಘಟಕವಿತ್ತು. ಅಲ್ಲಿ 70ಕ್ಕೂ ಹೆಚ್ಚು ಆಳುಗಳು. ಅವರಲ್ಲಿ ಯಾರಿಗೂ ಕಾಲರಾ ತೀವ್ರವಾಗಿ ತಗುಲಲಿಲ್ಲ. ಆಳುಗಳಿಗೆ ಕುಡಿಯಲು ಬಿಯರ್ ಕೊಡುತ್ತಿದ್ದರು, ಘಟಕದೊಳಗೇ ಬೇರೆ ಆಳವಾದ ಬಾವಿಯಿತ್ತು, ಬೀದಿ ಪಂಪಿನ ತನಕ ಅವರು ಹೋಗುತ್ತಲೇ ಇರಲಿಲ್ಲ. ಅದೇ ರಸ್ತೆಯ 37ನೇ ನಂಬರಿನಲ್ಲಿದ್ದ ಬಂದೂಕಿನ ಕ್ಯಾಪ್ ತಯಾರಿಸುವ ಕಾರ್ಖಾನೆಯಲ್ಲಿ ಸುಮಾರು 200 ಕೆಲಸಗಾರರಿದ್ದರು. ಅಲ್ಲಿ ಕುಡಿಯಲೆಂದು ಎರಡು ತೊಟ್ಟಿಗಳಲ್ಲಿ ಬೀದಿ ಪಂಪಿನ ನೀರನ್ನು ಸದಾ ತುಂಬಿಡುತ್ತಿದ್ದರು. 18 ಮಂದಿ ಸತ್ತರು. ಒಂದೇ ರಸ್ತೆ, ಒಂದೇ ಗಾಳಿ, ನೀರು ಮಾತ್ರ ಬೇರೆ.

ಪಟ್ಟು ಬಿಡದ ಎದುರಾಳಿ ಆಗಲೂ ಒಂದು ಮಾತು ಹೇಳಬಹುದು: ಬಿಯರ್ ಘಟಕದ ಆಳುಗಳು ಕಸುವುಳ್ಳ ದುಡಿಮೆಗಾರರು, ಅವರ ಮೈ ತಡೆದುಕೊಂಡಿತು. ಈ ಬಾಗಿಲನ್ನು ಮುಚ್ಚುವುದು ಪೋಲೆಂಡ್ ಸ್ಟ್ರೀಟಿನ ವರ್ಕ್‌ಹೌಸ್, ಅಂದರೆ ಗತಿಯಿಲ್ಲದ ಬಡವರನ್ನು ಇರಿಸಿಕೊಳ್ಳುತ್ತಿದ್ದ ಆಶ್ರಯಶಾಲೆ. ಅದರ ಮುಕ್ಕಾಲು ಪಾಲಿಗೂ ಹೆಚ್ಚು ಸುತ್ತು ಕಾಲರಾ ಸಾವು ಕಂಡ ಮನೆಗಳೇ. ಒಳಗಿದ್ದ 535 ಮಂದಿಯಲ್ಲಿ ಸತ್ತವರು ಐವರು ಮಾತ್ರ. ಸುತ್ತಲಿನ ಬೀದಿಗಳ ಪ್ರಮಾಣದಲ್ಲೇ ಸಾವು ಆಗಿದ್ದರೆ ಅಲ್ಲಿ ನೂರಕ್ಕೂ ಹೆಚ್ಚು ಜನ ಸಾಯಬೇಕಿತ್ತು ಎಂದು ಸ್ನೋ ಲೆಕ್ಕ ಹಾಕಿದ. ವರ್ಕ್‌ಹೌಸ್‌ಗೆ ಅದರದೇ ಬಾವಿಯಿತ್ತು, ಬ್ರಾಡ್ ಸ್ಟ್ರೀಟಿನಿಂದ ಅವರು ನೀರು ತರಿಸುತ್ತಿರಲಿಲ್ಲ. ನಿರ್ಗತಿಕರಾದ ಇವರು ದುಡಿಮೆಗಾರರಿಗಿಂತ ಗಟ್ಟಿ ಮೈಯವರು ಎಂದು ಯಾರೂ ಹೇಳಲಾರರು. ಪರೀಕ್ಷೆಯಲ್ಲಿ ‘ಬಾಧೆಗೊಳಗಾಗದವರ’ ಬಗ್ಗೆ ಹೇಳುವ ಆಯ್ಕೆಯನ್ನು ಓದುಗರು ಸಂಬಂಧವಿಲ್ಲದ್ದೆಂದು ದಾಟಿಬಿಡುವುದುಂಟು. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಕುಗ್ಗಿಸಿದಂತೆ ಕಾಣುವುದು

73 ಸಾವುಗಳಲ್ಲಿ ಆರು ಮಂದಿ ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ ಎಂದು ಮನೆಯವರು ಹೇಳಿದರು. ಇದು ಸ್ನೋನ ವಾದವನ್ನು ಕುಗ್ಗಿಸುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. ಕುಗ್ಗಿಸುವುದೆಂದರೆ ಸುಳ್ಳೆಂದು ಸಾಧಿಸುವುದಲ್ಲ, ನಂಬಿಕೆ ಒಂದಿಷ್ಟು ಇಳಿದರೂ ಸಾಕು. ಆದರೆ ಇನ್ನೊಂದು ಸಂಗತಿ ಬಂದು ಆ ಇಳಿತವನ್ನು ಬಹುಮಟ್ಟಿಗೆ ತುಂಬುತ್ತದೆ. ಸುತ್ತಲಿನ ಪಬ್ಬುಗಳಲ್ಲಿ ಮದ್ಯಕ್ಕೆ ಬೆರೆಸುತ್ತಿದ್ದದ್ದು ಆ ಪಂಪಿನ ನೀರು. ಊಟದ ಮನೆ, ಕಾಫಿ ಅಂಗಡಿಗಳಲ್ಲಿ ಕೊಡುತ್ತಿದ್ದದ್ದೂ ಅದೇ. ಚಿಲ್ಲರೆ ಅಂಗಡಿಗಳಲ್ಲಿ ನೊರೆ ಬರಿಸುವ ಪುಡಿ ಹಾಕಿ ಶರಬತ್ತೆಂದು ಅದನ್ನೇ ಮಾರುತ್ತಿದ್ದರು. ಪಂಪಿಗೆ ಹೋಗದವರ ಹೊಟ್ಟೆಗೂ ಗೊತ್ತಿಲ್ಲದೆ ಆ ನೀರು ಹೋಗಿರಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಮೋಸದ್ದು. ಸೆಪ್ಟೆಂಬರ್ 3ರಂದು ಸ್ನೋ ಪಂಪಿನ ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಕೊಳೆ ಅಷ್ಟಾಗಿ ಕಾಣಲಿಲ್ಲ. ಅವನೇ ಒಮ್ಮೆ ಹಿಂಜರಿದ. ‘ನೀರು ತಿಳಿಯಾಗಿತ್ತು’ ಎಂಬ ಆಯ್ಕೆ ಕೊಟ್ಟರೆ ಹಲವರು ವಾದ ಕುಸಿಯಿತೆಂದು ಗುರುತು ಹಾಕುತ್ತಾರೆ. ಆದರೆ ರೋಗ ತರುವ ವಸ್ತು ನೀರಿನಲ್ಲಿದ್ದರೆ ಅದು ಕಣ್ಣಿಗೆ ಕಾಣಲೇಬೇಕು ಎಂದು ಸ್ನೋನ ವಾದ ಎಲ್ಲೂ ಹೇಳಿಲ್ಲ. ಆ ಷರತ್ತನ್ನು ಸೇರಿಸಿದವರು ಓದುಗರು. ಕುಗ್ಗಿಸುವ ಆಯ್ಕೆ ತಗುಲಬೇಕಾದದ್ದು ವಾದ ನಿಜವಾಗಿಯೂ ಆತುಕೊಂಡಿರುವ ಊಹೆಗೆ, ನಾವು ಅದರ ತಲೆಗೆ ಕಟ್ಟಿದ ಊಹೆಗಲ್ಲ.

ಹಿಡಿಕೆ ತೆಗೆದ ದಿನ

ಸೆಪ್ಟೆಂಬರ್ 7ರ ಸಂಜೆ ಸ್ನೋ ಆ ಭಾಗದ ಆಡಳಿತ ಮಂಡಳಿಯ ಮುಂದೆ ತನ್ನ ಸಾಕ್ಷ್ಯಗಳನ್ನಿಟ್ಟ. ಮರುದಿನ, 8ರಂದು, ಪಂಪಿನ ಹಿಡಿಕೆಯನ್ನು ಕಳಚಿದರು. ಹಿಡಿಕೆ ತೆಗೆದದ್ದರಿಂದ ಕಾಲರಾ ನಿಂತಿತು ಎಂಬ ಕತೆ ಅಲ್ಲಿಂದ ಹುಟ್ಟಿ ಇವತ್ತಿಗೂ ಓಡಾಡುತ್ತಿದೆ.

ಸ್ನೋನದೇ ಪಟ್ಟಿಯಿಂದ ಈ ಲೆಕ್ಕವನ್ನು ನೋಡಿ. ಕೊನೆಗೆ ಸಾವಿನಲ್ಲಿ ಮುಗಿದ ಹೊಸ ಪ್ರಕರಣಗಳು ಸೆಪ್ಟೆಂಬರ್ 1ರಂದು 143. ನಾಲ್ಕನೆಯ ತಾರೀಖಿಗೆ 46ಕ್ಕೆ ಇಳಿದಿದ್ದವು, ಏಳಕ್ಕೆ 28ಕ್ಕೆ. ಹಿಡಿಕೆ ತೆಗೆದ ದಿನ 12. ರೋಗ ಅದಕ್ಕಿಂತ ಮೊದಲೇ ಇಳಿಮುಖವಾಗಿತ್ತು. ಜನ ಹೆದರಿ ಆ ಬೀದಿಗಳನ್ನು ಬಿಟ್ಟು ಓಡಿದ್ದೂ ಅದಕ್ಕೆ ಕಾರಣ ಎಂದು ಸ್ನೋ ತಾನೇ ಬರೆದುಕೊಂಡಿದ್ದಾನೆ.

ಹಾಗಾದರೆ ಈ ಲೆಕ್ಕ ಸ್ನೋನ ವಾದವನ್ನು ಕುಗ್ಗಿಸಿತೇ? ಯಾವ ವಾದವನ್ನು ಎಂದು ಮರುಪ್ರಶ್ನೆ ಹಾಕದೆ ಉತ್ತರಿಸುವಂತಿಲ್ಲ. ‘ಹಿಡಿಕೆ ತೆಗೆದದ್ದರಿಂದ ಕಾಲರಾ ನಿಂತಿತು’ ಎಂಬ ತೀರ್ಮಾನಕ್ಕೆ ಇದು ದೊಡ್ಡ ಪೆಟ್ಟು. ‘ಪಂಪಿನ ನೀರಿನಿಂದ ಕಾಲರಾ ಹರಡಿತು’ ಎಂಬ ತೀರ್ಮಾನವನ್ನು ಇದು ಮುಟ್ಟುವುದೇ ಇಲ್ಲ. ಎರಡು ವಾಕ್ಯಗಳೂ ಪಂಪಿನ ಬಗ್ಗೆಯೇ ಆದರೂ ಒಂದು ರೋಗದ ಆರಂಭದ ಮಾತು, ಇನ್ನೊಂದು ಅಂತ್ಯದ ಮಾತು. ಪ್ರಶ್ನೆಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಈ ಜಾಗದಲ್ಲೇ. ಆಯ್ಕೆ ನಿಜವಾಗಿಯೂ ಒಂದು ತೀರ್ಮಾನವನ್ನು ಕುಗ್ಗಿಸುತ್ತಿರುತ್ತದೆ, ಆದರೆ ಗದ್ಯಭಾಗದಲ್ಲಿರುವುದು ಅದರ ಪಕ್ಕದ ಮನೆಯ ತೀರ್ಮಾನ.

ಕತೆಗೆ ಇನ್ನೊಂದು ತಿರುವಿದೆ. ಆ ಭಾಗದ ಚರ್ಚಿನ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್‌ಗೆ ಸ್ನೋನ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದನ್ನು ತಪ್ಪೆಂದು ತೋರಿಸಲು ಮನೆ ಮನೆ ವಿಚಾರಿಸುತ್ತ ಹೋದವನು ಕೊನೆಗೆ ಸ್ನೋನ ಪಕ್ಷ ಸೇರಿದ. ಬ್ರಾಡ್ ಸ್ಟ್ರೀಟಿನ 40ನೇ ನಂಬರಿನ ಮನೆಯಲ್ಲಿ ಒಂದು ಹಸುಗೂಸು ಆಗಸ್ಟ್ ಕೊನೆಯಲ್ಲಿ, ಎಲ್ಲರಿಗಿಂತ ಮೊದಲು, ಭೇದಿಯಿಂದ ನರಳಿತ್ತು ಎಂದು ಅವನಿಗೆ ತಿಳಿಯಿತು. ಮಗುವಿನ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯ ಮುಂದಿನ ಶೌಚಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆ ಶಿಥಿಲವಾಗಿ, ಕೊಳೆ ಕೆಲವೇ ಅಡಿ ದೂರದ ಪಂಪಿನ ಬಾವಿಗೆ ಸೋರುತ್ತಿದ್ದುದು ಕಂಡಿತು. ನೀರು ಹೇಗೆ ಕೆಟ್ಟಿತು ಎಂಬ ದಾರಿ ಸಿಕ್ಕಿತು. ಕಾರಣದಿಂದ ಪರಿಣಾಮದವರೆಗಿನ ದಾರಿಯನ್ನು ತೋರಿಸುವುದು ವಾದಕ್ಕೆ ಬಲ ಕೊಡುವ ಇನ್ನೊಂದು ಬಗೆ.

ಅದೇ ಮನೆಯಲ್ಲಿ ಮಗುವಿನ ತಂದೆ ಕಾಲರಾದಿಂದ ಮಲಗಿದ್ದು ಸೆಪ್ಟೆಂಬರ್ 8ರಂದು, ಹಿಡಿಕೆ ತೆಗೆದ ದಿನವೇ. ಅಂದರೆ ಗುಂಡಿಗೆ ಹೊಸದಾಗಿ ರೋಗ ಸೇರಲಿದ್ದ ಹೊತ್ತಿಗೆ ಸರಿಯಾಗಿ ಪಂಪು ನಿಂತಿತ್ತು. ‘ಹಿಡಿಕೆ ತೆಗೆದದ್ದು ವ್ಯರ್ಥ’ ಎಂದವರ ವಾದ ಈ ಒಂದು ತಾರೀಖಿನಿಂದ ಸಡಿಲವಾಗುತ್ತದೆ. ನಡೆಯುತ್ತಿದ್ದ ಅಲೆಯನ್ನು ಹಿಡಿಕೆ ನಿಲ್ಲಿಸಲಿಲ್ಲ, ಬರಬಹುದಾಗಿದ್ದ ಇನ್ನೊಂದನ್ನು ತಡೆದಿರಬಹುದು. ಒಂದೇ ಪ್ರಕರಣದ ಸಂಗತಿಗಳು ಮೂರು ತೀರ್ಮಾನಗಳಿಗೆ ಮೂರು ಬಗೆಯಾಗಿ ಕೆಲಸ ಮಾಡಿದವು.

ಈಗ ನಿಮ್ಮ ಸರದಿ

ಒಂದು ಕಲ್ಪಿತ ವಾದ: ‘ನಮ್ಮ ಊರಿನ ಮುಖ್ಯರಸ್ತೆಗೆ ಕಳೆದ ವರ್ಷ ಹಂಪ್ ಹಾಕಿದರು. ಆಮೇಲೆ ಅಪಘಾತಗಳು ಅರ್ಧಕ್ಕೆ ಇಳಿದವು. ಹಾಗಾಗಿ ಅಪಘಾತ ಕಡಿಮೆಯಾದದ್ದು ಹಂಪ್‌ಗಳಿಂದ.’ ಇದನ್ನು ಅತಿ ಹೆಚ್ಚು ಕುಗ್ಗಿಸುವುದು ಯಾವುದು?

ಅ) ಹಂಪ್‌ಗಳಿಂದ ಬೆನ್ನುನೋವು ಬಂತೆಂದು ಹಲವರು ದೂರಿದ್ದಾರೆ.

ಆ) ಹಂಪ್ ಹಾಕಿದ ತಿಂಗಳಲ್ಲೇ ಬೈಪಾಸ್ ತೆರೆದು, ಲಾರಿಗಳೂ ದೂರದ ಬಸ್ಸುಗಳೂ ಊರೊಳಗೆ ಬರುವುದು ನಿಂತಿತು.

ಇ) ಹಂಪ್ ಇಲ್ಲದ, ಅಷ್ಟೇ ವಾಹನ ಓಡಾಡುವ ಪಕ್ಕದ ರಸ್ತೆಯಲ್ಲಿ ಅಪಘಾತಗಳು ಕಡಿಮೆಯಾಗಿಲ್ಲ.

ಈ) ಹಂಪ್ ಹಾಕಿದ ಮೇಲೂ ಕೆಲವು ಅಪಘಾತಗಳು ಆಗಿವೆ.

ಆಧಾರ ಮತ್ತು ತೀರ್ಮಾನದ ನಡುವಿನ ಬಿರುಕು ಇಲ್ಲೂ ಪಂಪಿನ ಹಿಡಿಕೆಯದೇ: ಅದೇ ಸಮಯದಲ್ಲಿ ಬೇರೇನಾದರೂ ಬದಲಾಯಿತೇ? ‘ಆ’ ಹೌದೆನ್ನುತ್ತದೆ, ಉತ್ತರ ಅದೇ. ‘ಇ’ ಉಲ್ಟಾ ಕೆಲಸ ಮಾಡುತ್ತದೆ, ಪಕ್ಕದ ರಸ್ತೆ ಇಲ್ಲಿ ಬಿಯರ್ ಘಟಕದ ಜಾಗದಲ್ಲಿ ನಿಂತು ವಾದಕ್ಕೆ ಬಲ ಕೊಡುತ್ತದೆ. ಕುಗ್ಗಿಸುವ ಪ್ರಶ್ನೆಯಲ್ಲಿ ಬಲ ಕೊಡುವ ಒಂದು ಆಯ್ಕೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ರಶ್ನೆಯ ದಿಕ್ಕನ್ನು ಮರೆತವರು ಅದಕ್ಕೆ ಸಿಕ್ಕಿಬೀಳುತ್ತಾರೆ. ‘ಅ’ ಹಂಪ್ ಬೇಕೋ ಬೇಡವೋ ಎಂಬ ಬೇರೆ ಚರ್ಚೆಯ ಮಾತು. ‘ಈ’ ಏನನ್ನೂ ಅಲುಗಿಸುವುದಿಲ್ಲ. ಅಪಘಾತ ಪೂರಾ ನಿಂತಿತೆಂದು ವಾದ ಹೇಳಿರಲಿಲ್ಲ, ಅರ್ಧಕ್ಕೆ ಇಳಿದಿದೆ ಎಂದರೆ ಇನ್ನರ್ಧ ಆಗುತ್ತಿದೆ ಎಂದೇ ಅರ್ಥ.

ಈ ವಿಧಾನಕ್ಕೊಂದು ಮಿತಿಯಿದೆ. ಬಲ ಬಂದ ವಾದ ನಿಜವೇ ಆಗಬೇಕೆಂದಿಲ್ಲ, ಕುಗ್ಗಿದ ವಾದ ಸುಳ್ಳಾಗಬೇಕೆಂದೂ ಇಲ್ಲ. ಸ್ನೋ 1858ರಲ್ಲಿ ತೀರಿಕೊಂಡಾಗಲೂ ಅವನ ಮಾತು ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಕ್ ಕೋಲ್ಕತ್ತದಲ್ಲಿ ಕಾಲರಾದ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ. ಅಲ್ಲಿಯವರೆಗೂ ಜನರ ಕೈಯಲ್ಲಿದ್ದದ್ದು ಸಂಗತಿಗಳು ಮತ್ತು ಅವನ್ನು ತೂಗುವ ಬಗೆ ಮಾತ್ರ.

ಪರೀಕ್ಷೆಗೆ ಕೂರುವವರು ಆಯ್ಕೆಗಳ ಕಡೆ ಕಣ್ಣು ಹಾಯಿಸುವ ಮೊದಲು ತೀರ್ಮಾನದ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅದೇ ಆಧಾರಕ್ಕೆ ಹೊಂದುವ ಇನ್ನೊಂದು ಕಾರಣವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ಆಮೇಲೆ ಪ್ರತಿ ಆಯ್ಕೆಯನ್ನೂ ನಿಜವೆಂದು ಒಪ್ಪಿ, ಅದು ಆ ಇನ್ನೊಂದು ಕಾರಣವನ್ನು ಏನು ಮಾಡಿತು ಎಂದು ಕೇಳಿ. ಏನೂ ಮಾಡಲಿಲ್ಲವಾದರೆ, ಅದು ಎಷ್ಟೇ ನಿಜವಿರಲಿ, ಎಷ್ಟೇ ದೊಡ್ಡ ಸಂಖ್ಯೆ ಹೊತ್ತಿರಲಿ, ಹೊಡೆದುಹಾಕಿ ಮುಂದೆ ಹೋಗಿ.